ಮೆಣಸಿನಕಾಯಿ ಹೆಚ್ಚಿದ ಕೈಯ ಉರಿ: ತೆಗೆಯುವುದು ಬೇರೆ, ತಣಿಸುವುದು ಬೇರೆ

ಕಳೆದ ಬೇಸಿಗೆಯಲ್ಲಿ ನಾನು, ನನ್ನ ನಾದಿನಿ ಸೇರಿ ಎರಡು ಕೆಜಿ ಹಸಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಮಜ್ಜಿಗೆ ಮೆಣಸಿನಕಾಯಿ ಮಾಡಲು ಕೂತೆವು. ನಮ್ಮ ಮನೆಯಲ್ಲಿ ಮಾಡುವುದು ಒಳಗೆ ಪುಡಿ ತುಂಬುವ ಬಗೆ. ತೊಟ್ಟು ಕೀಳದೆ ಒಂದೊಂದು ಕಾಯನ್ನೂ ಉದ್ದಕ್ಕೆ ಸೀಳಬೇಕು. ಬೆರಳಿನಿಂದ ಬಾಯಿ ಬಿಡಿಸಿ ಉಪ್ಪು, ಮೆಂತ್ಯದ ಪುಡಿ ತುಂಬಬೇಕು. ಆಮೇಲೆ ಹುಳಿ ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗೆ ಹಾಕಬೇಕು. ಸೀಳಿ ತುಂಬುವುದಕ್ಕೇ ಎರಡು ಗಂಟೆ ಹಿಡಿಯಿತು. ಎದ್ದಾಗ ಕೈಗೆ ಏನೂ ಆಗಿರಲಿಲ್ಲ. ಸೋಪು ಹಚ್ಚಿ ತೊಳೆದುಕೊಂಡು, ಕಾಫಿ ಕುಡಿದು, ಮರೆತೂಬಿಟ್ಟೆವು.

ಸಂಜೆ ಆರರ ಹೊತ್ತಿಗೆ ನನ್ನ ಹೆಬ್ಬೆರಳಿನ ಉಗುರಿನ ಪಕ್ಕ ಚುರುಚುರು ಶುರುವಾಯಿತು. ಏಳಕ್ಕೆ ಬಿಸಿನೀರಿನ ಸ್ನಾನಕ್ಕೆ ಹೋದೆ. ಚೊಂಬಿನ ನೀರು ಕೈ ಮೇಲೆ ಬಿದ್ದದ್ದೇ ತಡ, ಎರಡೂ ಅಂಗೈ ಕೆಂಡ ಹಿಡಿದಂತಾಯಿತು. ನೀರು ನಿಜಕ್ಕೂ ಉಗುರುಬೆಚ್ಚಗಿತ್ತು ಅಷ್ಟೇ. ಹೊರಗೆ ಬಂದು ನೋಡಿದರೆ ನಾದಿನಿ ಒಂದು ಕಣ್ಣು ಮುಚ್ಚಿಕೊಂಡು ಹಾಲ್‌ನಲ್ಲಿ ಓಡಾಡುತ್ತಿದ್ದಾಳೆ. "ಅತ್ತಿಗೆ, ಲೆನ್ಸ್ ತೆಗೆಯೋಕೆ ಹೋದೆ ಅಷ್ಟೇ, ಕಣ್ಣು ಬಿಡೋಕೇ ಆಗ್ತಿಲ್ಲ" ಎಂದಳು.

ಆ ರಾತ್ರಿ ನಾವು ಮಾಡಿದ್ದರಲ್ಲಿ ಅರ್ಧ ತಪ್ಪು. ಯಾವುದು ತಪ್ಪು, ಯಾಕೆ ತಪ್ಪು ಅಂತ ಆಮೇಲೆ ಕೂತು ಓದಿದೆ, ಕಣ್ಣಿನ ವೈದ್ಯೆಯಾಗಿರುವ ಗೆಳತಿಯನ್ನು ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈ ಉರಿ ಏನು ಅಂತ ನೋಡೋಣ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಮತ್ತು ಅದರ ಹತ್ತಿರದ ಒಂದೆರಡು ಸೋದರ ರಾಸಾಯನಿಕಗಳು. ಇದು ಆಸಿಡ್ ಚೆಲ್ಲಿದ ಹಾಗೆ ಚರ್ಮವನ್ನು ಸುಡುವುದಿಲ್ಲ. ನಮ್ಮ ನೋವಿನ ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಪುಟ್ಟ ಬಾಗಿಲಿದೆ. ಅದರ ಹೆಸರು ಟಿಆರ್‌ಪಿವಿ1. ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆ ಬಾಗಿಲು ತೆರೆಯುತ್ತದೆ. ಆಗ ನರ "ಸುಡ್ತಿದೆ, ಕೈ ತೆಗಿ" ಅಂತ ಮಿದುಳಿಗೆ ಹೇಳುತ್ತದೆ. ಕ್ಯಾಪ್ಸೈಸಿನ್ ಹೋಗಿ ಅದೇ ಬಾಗಿಲಿಗೆ ಅಂಟಿಕೊಂಡು, ಬಿಸಿ ಇಲ್ಲದೆಯೇ ಅದನ್ನು ತೆರೆದುಬಿಡುತ್ತದೆ. ಮಿದುಳಿಗೆ ಹೋಗುವ ಸುದ್ದಿ ಮಾತ್ರ ಅದೇ. ಅದಕ್ಕೇ ನಾವು "ಉರಿ" ಅನ್ನುತ್ತೇವೆ, "ಕಡಿತ" ಅನ್ನುವುದಿಲ್ಲ. ಈ ಬಾಗಿಲನ್ನು 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಅವರ ತಂಡ ಕಂಡುಹಿಡಿಯಿತು. ಹುಡುಕಲು ಅವರು ಬಳಸಿದ್ದೂ ಮೆಣಸಿನಕಾಯಿಯ ಖಾರವನ್ನೇ. 2021ರ ವೈದ್ಯಕೀಯ ನೊಬೆಲ್ ಬಹುಮಾನವನ್ನು ಅವರು ಇನ್ನೊಬ್ಬ ವಿಜ್ಞಾನಿಯ ಜೊತೆ ಹಂಚಿಕೊಂಡರು.

ಇಲ್ಲಿ ಇನ್ನೊಂದು ವಿಷಯ ಇದೆ. ಕ್ಯಾಪ್ಸೈಸಿನ್ ಅಂಟಿಕೊಂಡಿರುವಾಗ ಆ ಬಾಗಿಲಿನ ಮಿತಿಯೇ ಕೆಳಗಿಳಿಯುತ್ತದೆ. 43 ಡಿಗ್ರಿ ಬೇಕಾಗಿದ್ದ ಕಡೆ ಬರೀ ಮೈಯ ಬಿಸಿ, ಉಗುರುಬೆಚ್ಚಗಿನ ನೀರು ಕೂಡ ಸಾಕಾಗುತ್ತದೆ. ನನ್ನ ಸ್ನಾನದ ಕಥೆ ಇದೇ. ನೀರು ಸುಡುತ್ತಿರಲಿಲ್ಲ, ನನ್ನ ಕೈಯ ನರಗಳು ಅದನ್ನು ಸುಡುವ ನೀರು ಅಂತ ಓದಿಕೊಂಡವು. ತಣ್ಣೀರಿಗೆ ಕೈ ಇಟ್ಟರೆ ತಕ್ಷಣ ಹಾಯೆನಿಸುವುದಕ್ಕೂ, ತೆಗೆದ ಎರಡೇ ನಿಮಿಷಕ್ಕೆ ಮತ್ತೆ ಉರಿಯುವುದಕ್ಕೂ ಇದೇ ಕಾರಣ. ತಣ್ಣೀರು ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚಿಸುತ್ತದೆ. ಕ್ಯಾಪ್ಸೈಸಿನ್ ಅಲ್ಲೇ ಕೂತಿರುತ್ತದೆ.

ಹಾಗಾದರೆ ಸೋಪು ಹಾಕಿ ತೊಳೆದರೂ ಅದು ಹೋಗಲಿಲ್ಲ ಯಾಕೆ? ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಹೆಚ್ಚುಕಮ್ಮಿ ಕರಗುವುದೇ ಇಲ್ಲ. ಬರೀ ನೀರು ಸುರಿದರೆ ಅದು ಒಂದು ಬೆರಳಿನಿಂದ ಇನ್ನೊಂದಕ್ಕೆ ಹರಡುತ್ತದೆ ಅಷ್ಟೇ. ಸೋಪು ಸ್ವಲ್ಪ ಒಯ್ಯುತ್ತದೆ. ಆದರೆ ನಾವು ಸಾಮಾನ್ಯವಾಗಿ ಹತ್ತು ಸೆಕೆಂಡ್ ಉಜ್ಜಿ ಬಿಡುತ್ತೇವೆ, ಉಗುರಿನ ಸಂದಿಗೆ ಅದು ಮುಟ್ಟುವುದೇ ಇಲ್ಲ. ಅಂಗೈ ಚರ್ಮ ದಪ್ಪ. ಅದರ ಮೇಲಿನ ಸತ್ತ ಪದರಕ್ಕೆ ಕ್ಯಾಪ್ಸೈಸಿನ್ ಮೆಲ್ಲಗೆ ಇಳಿಯುತ್ತದೆ. ನರದ ತುದಿ ಮುಟ್ಟಲು ಒಂದು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅದಕ್ಕೇ ಹೆಚ್ಚುವಾಗ ಏನೂ ಆಗುವುದಿಲ್ಲ, ಸಂಜೆ ಉರಿಯುತ್ತದೆ. ಬೆರಳ ಸಂದು, ಉಗುರಿನ ಸುತ್ತ, ಕೈಯ ಹಿಂಭಾಗದ ಚರ್ಮ ತೆಳು. ಅಲ್ಲಿ ಮೊದಲು ಶುರು. ಕಣ್ಣು, ಮೂಗು, ತುಟಿಗಳಲ್ಲಿ ದಪ್ಪ ಪದರವೇ ಇಲ್ಲದ ಕಾರಣ ತಕ್ಷಣ ಉರಿ. ಉರಿ ಶುರುವಾಗುವ ಹೊತ್ತಿಗೆ ಸ್ವಲ್ಪ ಕ್ಯಾಪ್ಸೈಸಿನ್ ಒಳಗೆ ಹೋಗಿ ಆಗಿರುತ್ತದೆ. ಅದನ್ನು ಏನು ಉಜ್ಜಿದರೂ ತೆಗೆಯಲಾಗುವುದಿಲ್ಲ. ಇದನ್ನು ಒಪ್ಪಿಕೊಂಡರೆ ಕೈಯನ್ನು ಸುಮ್ನೆ ಗಾಯ ಆಗುವಷ್ಟು ತಿಕ್ಕುವುದು ತಪ್ಪುತ್ತದೆ.

ಖಾರ ಬೀಜದಲ್ಲಿರುತ್ತದೆ ಅಂತ ನಾವು ಹೇಳುತ್ತಾ ಬಂದಿದ್ದೇವೆ, ಅಲ್ವಾ? ಅದು ತಯಾರಾಗುವುದು ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದರಿಂದ ಸವರಿಕೊಂಡಿರುತ್ತದೆ. ಮೆಣಸಿನಕಾಯಿಯನ್ನು ಅಡ್ಡಕ್ಕೆ ಹೆಚ್ಚಿದರೆ ಬೆರಳು ಹೊರಗಿನ ಸಿಪ್ಪೆಯನ್ನಷ್ಟೇ ಹಿಡಿದಿರುತ್ತದೆ. ಉದ್ದಕ್ಕೆ ಸೀಳಿದರೆ ಆ ಬಿಳಿ ತಿರುಳು ಪೂರ್ತಿ ಉದ್ದಕ್ಕೂ ತೆರೆದುಕೊಳ್ಳುತ್ತದೆ. ನಾವು ಅದರೊಳಗೆ ಬೆರಳು ಹಾಕಿ ಪುಡಿ ಬೇರೆ ಒತ್ತಿದ್ದೆವು. ಒಗ್ಗರಣೆಗೆ ದಿನಾ ನಾಲ್ಕು ಮೆಣಸಿನಕಾಯಿ ಹೆಚ್ಚುವವರಿಗೆ ಎಂದೂ ಆಗದ್ದು ಬಾಳಕ, ಉಪ್ಪಿನಕಾಯಿ ಮಾಡುವ ದಿನ ಆಗುವುದು ಇದರಿಂದಲೇ. ಯಾವ ಕಾಯಿ ಅನ್ನುವುದೂ ಮುಖ್ಯ. ಬಜ್ಜಿ ಮೆಣಸಿನಕಾಯಿ ಬುಟ್ಟಿಗಟ್ಟಲೆ ಸೀಳಿದರೂ ಚಿಂತೆಯಿಲ್ಲ. ಮಲೆನಾಡು, ಕರಾವಳಿಯ ಸೂಜಿಮೆಣಸು ಹತ್ತೇ ಕಿವುಚಿದರೂ ಸಾಕು. ಗಾತ್ರ ನೋಡಿ ಮೋಸ ಹೋಗಬೇಡಿ.

ಈಗ ಕೈಯ ಮಾತು. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಚರ್ಮದ ಮೇಲೆ ಉಳಿದಿರುವುದನ್ನು ತೆಗೆಯುವುದು. ಎರಡು, ಈಗಾಗಲೇ ಕೂಗುತ್ತಿರುವ ನರವನ್ನು ತಣಿಸುವುದು. ಮನೆಮದ್ದುಗಳಲ್ಲಿ ಹೆಚ್ಚಿನವು ಎರಡನೆಯದನ್ನು ಮಾತ್ರ ಮಾಡುತ್ತವೆ. ಅದಕ್ಕೇ "ಮಜ್ಜಿಗೆ ಹಾಕಿದೆ, ಕಡಿಮೆಯಾಯ್ತು, ಮತ್ತೆ ಬಂತು" ಅನ್ನುವುದು. ನಾನು ಆ ರಾತ್ರಿ ನೇರವಾಗಿ ತಣ್ಣನೆ ಮಜ್ಜಿಗೆ ಬಟ್ಟಲಲ್ಲಿ ಕೈ ಅದ್ದಿ ಕೂತೆ. ಒಂಬತ್ತು ಗಂಟೆಯವರೆಗೂ ಕೈ ಹೊರಗೆ ತೆಗೆಯಲಾಗಲಿಲ್ಲ. ಆಮೇಲಷ್ಟೇ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಿದ್ದು.

ಆ ಕ್ರಮ ಹೀಗೆ. ಕೈ ಒಣಗಿರುವಾಗಲೇ ಎರಡು ಚಮಚ ಅಡುಗೆ ಎಣ್ಣೆ ಹಾಕಿಕೊಳ್ಳಿ. ಯಾವ ಎಣ್ಣೆಯಾದರೂ ಆದೀತು, ದುಬಾರಿಯದು ಬೇಡ. ಒಂದೆರಡು ನಿಮಿಷ ನಿಧಾನಕ್ಕೆ ಸವರಿ. ಬೆರಳ ಸಂದು, ಉಗುರಿನ ಅಂಚು, ಮಣಿಕಟ್ಟು ಬಿಡಬೇಡಿ. ಎಣ್ಣೆ ಕ್ಯಾಪ್ಸೈಸಿನ್ನನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಆದರೆ ಆ ಎಣ್ಣೆ ಈಗ ಖಾರದ ಎಣ್ಣೆ. ಅದನ್ನು ಕೈಯಲ್ಲೇ ಬಿಟ್ಟರೆ ಮುಟ್ಟಿದ ಕಡೆಯೆಲ್ಲ ಹರಡುತ್ತದೆ. ಹಾಗಾಗಿ ಟಿಶ್ಯೂ ಅಥವಾ ಹಳೆ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ. ಆಮೇಲೆ ನೀರು ಮುಟ್ಟಿಸದೆ ಪಾತ್ರೆ ತೊಳೆಯುವ ಲಿಕ್ವಿಡ್ ಅನ್ನು ನೇರವಾಗಿ ಕೈಗೆ ಹಾಕಿ ಅರ್ಧ ನಿಮಿಷವಾದರೂ ಉಜ್ಜಿ. ಹಳೆಯ ಮೆತ್ತನೆ ಹಲ್ಲುಜ್ಜುವ ಬ್ರಷ್ ಇದ್ದರೆ ಉಗುರಿನ ಕೆಳಗೆ ಆಡಿಸಿ. ಜಿಡ್ಡು ತೆಗೆಯಲೆಂದೇ ಮಾಡಿದ ಲಿಕ್ವಿಡ್ ಅದು, ಸ್ನಾನದ ಸೋಪಿಗಿಂತ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಈಗ ತಣ್ಣೀರು ಬಿಟ್ಟು ತೊಳೆಯಿರಿ. ಬಿಸಿನೀರು ಬೇಡ. ಇಷ್ಟನ್ನು ಎರಡು ಮೂರು ಸಲ ಮಾಡಿ.

ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ? ಕೈ ಒರೆಸಿಕೊಂಡು ಒಂದೊಂದೇ ಬೆರಳ ತುದಿಯನ್ನು ನಾಲಿಗೆ ತುದಿಗೆ ಮುಟ್ಟಿಸಿ ಸ್ವಲ್ಪ ಕಾಯಿರಿ. ಚುರ್ ಅಂದರೆ ಆ ಬೆರಳಿನ ಮೇಲೆ ಇನ್ನೂ ಇದೆ. ನನ್ನ ಹತ್ತು ಬೆರಳುಗಳಲ್ಲಿ ಎಂಟು ಪಾಸಾದವು, ಎರಡು ಹೆಬ್ಬೆರಳುಗಳು ಮೂರನೇ ಸಲಕ್ಕೂ ಫೇಲು. ಪುಡಿ ಒತ್ತಿದ್ದು ಅವುಗಳಿಂದಲೇ ಅಲ್ವಾ.

ಎಣ್ಣೆ ಹಾಕಿದರೆ ಇನ್ನೂ ಉರಿ ಏರುತ್ತದೆ ಅನ್ನುವವರಿದ್ದಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿಯುವ ಅಡುಗೆ ತುಂಬಾ. 1987ರಲ್ಲಿ ಅಲ್ಲಿನ ವೈದ್ಯರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಖಾರ ಹತ್ತಿದ ಕೈಯನ್ನು ತಣ್ಣನೆಯ ನಲ್ಲಿ ನೀರಿನಲ್ಲಿ ಮುಳುಗಿಸುವುದು ಒಳ್ಳೆಯದೋ, ಅಡುಗೆ ಎಣ್ಣೆಯಲ್ಲಿ ಮುಳುಗಿಸುವುದೋ ಎಂದು ಹೋಲಿಸಿದರು. ಮೊದಮೊದಲು ನೀರೇ ಗೆದ್ದಿತು. ಆದರೆ ಹೊತ್ತು ಕಳೆದಂತೆ ಎಣ್ಣೆಯಲ್ಲಿ ಅದ್ದಿದ ಕೈಗಳೇ ಜಾಸ್ತಿ ಆರಾಮವಾದವು. ಎರಡೂ ಸರಿ, ಎರಡರ ಕೆಲಸ ಬೇರೆ. ತಣ್ಣೀರು ಈಗಿನ ನೋವಿಗೆ, ಎಣ್ಣೆ ಮುಂದಿನ ಗಂಟೆಗಳ ನೋವಿಗೆ. ತುಂಬಾ ಉರಿ ಇದ್ದವರು ಬಟ್ಟಲಿನಲ್ಲಿ ಎಣ್ಣೆ ಸುರಿದು ಅರ್ಧ ಗಂಟೆ ಕೈ ಮುಳುಗಿಸಿ, ಆಮೇಲೆ ಮೇಲೆ ಹೇಳಿದಂತೆ ಒರೆಸಿ ತೊಳೆಯಬಹುದು. ಆ ಎಣ್ಣೆಯನ್ನು ಮತ್ತೆ ಅಡುಗೆಗೆ ಬಳಸೋಣ ಅನ್ನುವ ಆಸೆ ನನಗೂ ಬಂದಿತ್ತು. ಬೇಡ.

ತೆಗೆಯುವ ಕೆಲಸ ಮುಗಿದ ಮೇಲೆ ತಣಿಸುವುದು. ಇದಕ್ಕೆ ತಣ್ಣನೆ ನೀರಿನ ಬಟ್ಟಲು ಸಾಕು. ಫ್ರಿಜ್ಜಿನ ಹಾಲು, ಮಜ್ಜಿಗೆ ಇದ್ದರೆ ಅದೂ ಆಗುತ್ತದೆ. ಅದರಲ್ಲಿ ಕೊಬ್ಬಿದೆ, ತಂಪಿದೆ, ಅಷ್ಟೇ. ಬಾಯಿ ಖಾರಕ್ಕೆ ಹಾಲು ನಿಜವಾಗಿ ಒಳ್ಳೆಯದು, ಆದರೆ ಆ ಗೆಲುವನ್ನು ಕೈಗೆ ಅಷ್ಟೇ ಅಳತೆಯಲ್ಲಿ ತರಬೇಡಿ. ಬಾಯಲ್ಲಿ ಅದು ಖಾರವನ್ನು ಹಿಡಿದು ಗಂಟಲಿಗೆ ಒಯ್ಯುತ್ತದೆ, ದಪ್ಪ ಚರ್ಮದೊಳಗೆ ಇಳಿದದ್ದನ್ನು ಎಳೆದು ತರುವುದಿಲ್ಲ. ಐಸ್ ಇಡುವುದಾದರೆ ಬಟ್ಟೆ ಸುತ್ತಿ, ಹತ್ತು ನಿಮಿಷ ಇಟ್ಟು ಸ್ವಲ್ಪ ಬಿಡುವು ಕೊಟ್ಟು ಮತ್ತೆ ಇಡಿ. ಮರಗಟ್ಟುವವರೆಗೆ ಐಸನ್ನು ಬರಿಗೈಯಲ್ಲಿ ಹಿಡಿದು ಕೂತರೆ ಚರ್ಮಕ್ಕೆ ನಿಜವಾದ ಗಾಯ ಆಗುತ್ತದೆ. ಮೆಣಸಿನಕಾಯಿ ಅದನ್ನು ಮಾಡಿರಲಿಲ್ಲ. ರಾತ್ರಿ ನಿದ್ದೆ ಬಾರದಷ್ಟು ಇದ್ದರೆ ಔಷಧಿ ಅಂಗಡಿಯಲ್ಲಿ 2% ಲಿಗ್ನೊಕೇನ್ ಜೆಲ್ ಸಿಗುತ್ತದೆ. ವೈದ್ಯರನ್ನೋ ಫಾರ್ಮಸಿಸ್ಟನ್ನೋ ಕೇಳಿ, ಗಾಯವಿಲ್ಲದ ಚರ್ಮದ ಮೇಲೆ ತೆಳ್ಳಗೆ ಹಚ್ಚಬಹುದು. ಮಕ್ಕಳಿಗೆ ಸ್ವಂತ ಬುದ್ಧಿಯಿಂದ ಹಚ್ಚಬೇಡಿ.

ಉಳಿದ ಮನೆಮದ್ದುಗಳನ್ನು ಬೇಗ ನೋಡಿಬಿಡೋಣ. ಗೋಧಿ ಹಿಟ್ಟು ಕಲಸಿದರೆ ಉರಿ ಹೋಗುತ್ತದೆ ಅನ್ನುತ್ತಾರೆ. ಹಿಟ್ಟು ಜಿಡ್ಡನ್ನು ಸ್ವಲ್ಪ ಹೀರುವುದು ನಿಜ, ಆದರೆ ಅದೇ ಹಿಟ್ಟಿನ ಚಪಾತಿಯನ್ನು ಮನೆಯವರು ತಿನ್ನಬೇಕಾಗುತ್ತದೆ. ಉಪ್ಪು, ಸಕ್ಕರೆ ಹಾಕಿ ತಿಕ್ಕಿದರೆ ಮೇಲ್ಚರ್ಮ ತರಚುತ್ತದೆ, ಉಳಿದ ಖಾರ ಇನ್ನೂ ಸಲೀಸಾಗಿ ಒಳಗೆ ಹೋಗುತ್ತದೆ. ನಿಂಬೆಹಣ್ಣು, ಹುಣಸೆಹಣ್ಣು, ವಿನಿಗರ್ ಹಚ್ಚುವುದರ ಹಿಂದೆ "ಖಾರ ಅಂದರೆ ಕ್ಷಾರ, ಹುಳಿ ಹಾಕಿದರೆ ಸತ್ತುಹೋಗುತ್ತದೆ" ಅನ್ನುವ ಲೆಕ್ಕ ಇದೆ. ಕ್ಯಾಪ್ಸೈಸಿನ್ ಕ್ಷಾರವೇ ಅಲ್ಲ. ಮೇಲಾಗಿ ಆ ಬಿಸಿಯ ಬಾಗಿಲು ಹುಳಿಗೂ ಕೆರಳುತ್ತದೆ. ವಿನಿಗರ್‌ನಿಂದ ಗುಣ ಕಂಡವರಿದ್ದಾರೆ, ನನಗೆ ಮಾತ್ರ ಉಗುರಿನ ಸಂದಿಯ ಗೀರಿಗೆ ನಿಂಬೆ ತಾಗಿ ಕಣ್ಣಲ್ಲಿ ನೀರು ಬಂತು. ಸ್ಯಾನಿಟೈಸರ್ ಒಂದು ಮಟ್ಟಿಗೆ ಕೆಲಸ ಮಾಡುತ್ತದೆ, ಯಾಕೆಂದರೆ ಆಲ್ಕೋಹಾಲಿನಲ್ಲಿ ಕ್ಯಾಪ್ಸೈಸಿನ್ ಕರಗುತ್ತದೆ. ಆದರೆ ಅದನ್ನು ಕೈಯಲ್ಲೇ ಆರಲು ಬಿಟ್ಟರೆ ಕರಗಿದ್ದು ಅಲ್ಲೇ ಉಳಿಯುತ್ತದೆ. ಒದ್ದೆ ಇರುವಾಗಲೇ ಟಿಶ್ಯೂನಲ್ಲಿ ಒರೆಸಿ ತೆಗೆಯಬೇಕು, ಹತ್ತಿರ ಒಲೆ ಉರಿಯುತ್ತಿರಬಾರದು. ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದುವ ಸಲಹೆಯೂ ಓಡಾಡುತ್ತದೆ. ಅದನ್ನು ದಯವಿಟ್ಟು ಮಾಡಬೇಡಿ, ಅದು ನಿಜವಾಗಿ ಸುಡುತ್ತದೆ.

ಎಷ್ಟು ಹೊತ್ತು ಇರುತ್ತದೆ? ಸಾಮಾನ್ಯವಾಗಿ ಕೆಲವು ಗಂಟೆ. ನಮ್ಮ ಹಾಗೆ ಗಂಟೆಗಟ್ಟಲೆ ಕೈ ಆಡಿಸಿದ್ದರೆ ಮರುದಿನದವರೆಗೂ ಎಳೆಯಬಹುದು. ಕೆಂಪಾಗುವುದು, ಸ್ವಲ್ಪ ಊದುವುದು ಇರುತ್ತದೆ. ಚೀನಾದ ಹುನಾನ್ ಪ್ರಾಂತ್ಯದ ಖಾರದ ಅಡುಗೆಗೆ ಮೆಣಸಿನಕಾಯಿ ಸಿದ್ಧಮಾಡಿ ಹೀಗಾದವರನ್ನು ನೋಡಿ ವೈದ್ಯರು ಇದಕ್ಕೆ 'ಹುನಾನ್ ಹ್ಯಾಂಡ್' ಅಂತ ಹೆಸರಿಟ್ಟಿದ್ದಾರೆ. ಕೊನೆಗೆ ನರವೇ ದಣಿದು ಸುಮ್ಮನಾಗುತ್ತದೆ. ಈ ದಣಿವನ್ನೇ ಬಳಸಿಕೊಂಡು ಸರ್ಪಸುತ್ತಿನ ನಂತರ ಉಳಿಯುವ ನರದ ನೋವಿಗೆ ಕ್ಯಾಪ್ಸೈಸಿನ್ ಮುಲಾಮು ಕೊಡುತ್ತಾರೆ. ಆದರೆ ಗುಳ್ಳೆ ಎದ್ದರೆ, ಕೈಯಾಚೆಗೆ ದದ್ದು ಹರಡಿದರೆ, ಮರುದಿನ ಕಳೆದರೂ ನೋವು ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಕಾಯಲೇಬೇಡಿ.

ಕಣ್ಣಿಗೆ ಬಂದರೆ ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಪಕ್ಕಕ್ಕಿಡಿ. ಎಣ್ಣೆ ಬೇಡ, ಲಿಕ್ವಿಡ್ ಬೇಡ, ಹಾಲು ಬೇಡ. ಕಣ್ಣಿಗೆ ನೀರು ಮಾತ್ರ, ಆದರೆ ತುಂಬಾ ನೀರು, ತುಂಬಾ ಹೊತ್ತು.

ನಾದಿನಿಯ ಕಣ್ಣಿಗೆ ನಮ್ಮತ್ತೆ ಮೊದಲು ಹಾಲು ಹಾಕಲು ಬಂದರು. "ನಮ್ಮ ಕಾಲದಲ್ಲಿ ಹರಳೆಣ್ಣೆ ಬಿಡ್ತಿದ್ವಿ" ಅಂತಲೂ ಹೇಳಿದರು. ಬಾಣಂತಿ ಇರುವ ಮನೆಗಳಲ್ಲಿ ಎದೆಹಾಲು ಹಾಕುವುದನ್ನೂ ಕಂಡಿದ್ದೇನೆ. ಕಾಳಜಿ ಸರಿಯೇ, ಆದರೆ ಇವು ಯಾವುವೂ ಕಣ್ಣಿಗೆ ಹಾಕುವಷ್ಟು ಶುದ್ಧವಾಗಿರುವುದಿಲ್ಲ. ಉಜ್ಜಿ ಗೀರಿದ ಕಣ್ಣಿಗೆ ಅವುಗಳಿಂದ ಸೋಂಕು ಹತ್ತಬಹುದು. ನೀರಿಗಿಂತ ಹೆಚ್ಚೇನೂ ಗುಣವಿಲ್ಲ ಅನ್ನುವುದಕ್ಕೂ ಆಧಾರವಿದೆ. 2008ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಪೆಪ್ಪರ್ ಸ್ಪ್ರೇ ತಗುಲಿದ ಸ್ವಯಂಸೇವಕರ ಮುಖದ ಉರಿಗೆ ಐದು ಚಿಕಿತ್ಸೆಗಳನ್ನು ಹೋಲಿಸಿದರು: ನೀರು, ಹಾಲು, ಬೇಬಿ ಶಾಂಪೂ, ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್, ಲಿಗ್ನೊಕೇನ್ ಜೆಲ್. ಒಂದಕ್ಕೂ ಇನ್ನೊಂದಕ್ಕೂ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಹೊತ್ತು ಕಳೆದಂತೆ ನೋವು ಇಳಿಯಿತು, ಅಷ್ಟೇ. ಪೆಪ್ಪರ್ ಸ್ಪ್ರೇಯಲ್ಲಿ ಇರುವುದೂ ಇದೇ ಮೆಣಸಿನಕಾಯಿಯ ಖಾರ.

ಕಣ್ಣುರಿಯಲ್ಲಿ ಮೊದಲ ಕಷ್ಟ ಅಂದರೆ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಖಾರ ಇರುವುದೇ ಆ ಕೈಯಲ್ಲಿ. ಉಜ್ಜಿದಷ್ಟೂ ಹೊಸ ಖಾರ ಸೇರುತ್ತದೆ, ಜೊತೆಗೆ ಕಣ್ಣಿನ ಮುಂದಿನ ಪಾರದರ್ಶಕ ಪದರ ಗೀರುತ್ತದೆ. ಹಾಗಾಗಿ ಕೈಗೆ ಮೆಣಸಿನಕಾಯಿ ಮುಟ್ಟಿಸದ ಇನ್ನೊಬ್ಬರನ್ನು ಕರೆಯಿರಿ. ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದ್ದು ನಮ್ಮತ್ತೆ. ಯಾರೂ ಇಲ್ಲದಿದ್ದರೆ ಟಿಶ್ಯೂ ಅಥವಾ ಶುಭ್ರ ಬಟ್ಟೆಯ ತುದಿಯಿಂದ ರೆಪ್ಪೆ ಹಿಡಿಯಿರಿ. ಉರಿಯುವ ಕಣ್ಣು ಕೆಳಗಿರುವ ಹಾಗೆ ತಲೆಯನ್ನು ಪಕ್ಕಕ್ಕೆ ಬಾಗಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯಲಿ. ಇಲ್ಲದಿದ್ದರೆ ತೊಳೆದ ನೀರು ಒಳ್ಳೆ ಕಣ್ಣಿಗೆ ಹೋಗುತ್ತದೆ. ನಲ್ಲಿಯನ್ನು ಜೋರಾಗಿ ಬಿಡಬೇಡಿ, ಸಣ್ಣ ಧಾರೆ ಸಾಕು. ಕುಡಿಯುವ ನೀರನ್ನು ಚೊಂಬಿನಿಂದ ಸುರಿಯಬಹುದು, ಸಲೈನ್ ಬಾಟಲಿ ಇದ್ದರೆ ಇನ್ನೂ ಒಳ್ಳೆಯದು. ರೆಪ್ಪೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಆಗ ಮುಖವನ್ನು ಅಗಲವಾದ ಬಟ್ಟಲಿನ ನೀರಿನಲ್ಲಿ ಇಟ್ಟು ಕಣ್ಣು ಮಿಟುಕಿಸುವುದು ಸುಲಭ. ನೀರು ಬದಲಿಸುತ್ತಾ ಹೀಗೆ ಹದಿನೈದು ನಿಮಿಷ. ಗಡಿಯಾರ ನೋಡಿಕೊಂಡು ಮಾಡಿ, ಯಾಕೆಂದರೆ ಎರಡು ನಿಮಿಷಕ್ಕೇ ಹದಿನೈದು ಆಯಿತು ಅನಿಸುತ್ತದೆ. ರೆಪ್ಪೆಯ ಹೊರಗಿನ ಚರ್ಮಕ್ಕೆ ಜಿಡ್ಡು ಅಂಟಿದ್ದರೆ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಬೇಬಿ ಶಾಂಪೂವಿನಿಂದ ಒರೆಸಿ ತೊಳೆಯಬಹುದು.

ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ವಿಷಯ ಸ್ವಲ್ಪ ಜಟಿಲ. ಲೆನ್ಸ್ ಒಳಗಿದ್ದಷ್ಟು ಹೊತ್ತು ಅದರ ಅಡಿಯಲ್ಲಿ ಖಾರ ಸಿಕ್ಕಿಕೊಂಡಿರುತ್ತದೆ, ತೆಗೆಯಲು ಹೋದರೆ ಅದೇ ಖಾರದ ಬೆರಳು. ನಾದಿನಿಗೆ ಮೊದಲು ಕಣ್ಣಿಗೆ ನೀರು ಸುರಿದೆವು. ಅತ್ತೆ ಕಣ್ಣಿಗೆ ನೀರು ಬಿಡುತ್ತಿರುವಾಗಲೇ ನಾನು ಅವಳ ಕೈಗೆ ಎಣ್ಣೆ, ಲಿಕ್ವಿಡ್ ಹಾಕಿ ತೊಳೆದೆ. ನಾಲಿಗೆ ಪರೀಕ್ಷೆಯಲ್ಲಿ ಪಾಸಾದ ಎಡಗೈ ಬೆರಳುಗಳಿಂದ ಅವಳೇ ಲೆನ್ಸ್ ತೆಗೆದಳು. ಅದನ್ನು ದ್ರಾವಣದಲ್ಲಿ ತೊಳೆದು ಇಟ್ಟುಕೊಳ್ಳೋಣ ಅಂದಳು. ಮೆತ್ತನೆ ಲೆನ್ಸ್ ಖಾರವನ್ನು ಹೀರಿಕೊಂಡಿರುತ್ತದೆ, ಎಷ್ಟು ತೊಳೆದರೂ ನಂಬುವಂತಿಲ್ಲ ಅಂತ ಗೆಳತಿ ಫೋನಿನಲ್ಲಿ ಹೇಳಿದಳು. ಹಾಗಾಗಿ ಅದು ಕಸಕ್ಕೆ ಹೋಯಿತು. ಒಂದು ವಾರ ಕನ್ನಡಕ.

ತೊಳೆದ ಮೇಲೆ ಅರ್ಧ ಗಂಟೆ, ಒಂದು ಗಂಟೆಯೊಳಗೆ ಕಣ್ಣು ಬಿಡುವ ಮಟ್ಟಿಗೆ ಉರಿ ಇಳಿಯಬೇಕು. ಕೆಂಪು ಇನ್ನೂ ಸ್ವಲ್ಪ ಹೊತ್ತು ಉಳಿದರೆ ಪರವಾಗಿಲ್ಲ. ಒಂದು ಗಂಟೆಯ ಮೇಲೂ ಜೋರು ನೋವಿದ್ದರೆ, ಕಣ್ಣೊಳಗೆ ಮರಳು ಸಿಕ್ಕಿದ ಹಾಗೆ ಚುಚ್ಚುತ್ತಿದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಂಜಾದರೆ ಅದೇ ರಾತ್ರಿ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಅವರು ಕಿತ್ತಳೆ ಬಣ್ಣದ ಒಂದು ದ್ರವ ಬಿಟ್ಟು ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗೀರು ಇದ್ದರೆ ಹಸಿರಾಗಿ ಹೊಳೆಯುತ್ತದೆ. ನೋಡುವ ಮೊದಲು ಮರಗಟ್ಟಿಸುವ ಒಂದು ಹನಿ ಬಿಡುತ್ತಾರೆ, ಕ್ಷಣದಲ್ಲಿ ಉರಿ ಮಾಯ. ಆ ಬಾಟಲಿಯನ್ನು ಮನೆಗೆ ಕೊಡಿ ಅಂತ ಎಲ್ಲರೂ ಕೇಳುತ್ತಾರಂತೆ. ಅವರು ಕೊಡುವುದಿಲ್ಲ, ಕೊಡಲೂಬಾರದು. ಪದೇ ಪದೇ ಹಾಕಿದರೆ ಅದೇ ಕಣ್ಣಿನ ಪದರವನ್ನು ಹಾಳುಮಾಡುತ್ತದೆ. ನಾದಿನಿಗೆ ಒಂದು ಗಂಟೆಯೊಳಗೆ ಕಡಿಮೆಯಾದ್ದರಿಂದ ಹೋಗುವ ಪ್ರಸಂಗ ಬರಲಿಲ್ಲ.

ಈ ವರ್ಷ ಮತ್ತೆ ಎರಡು ಕೆಜಿ ಮಾಡಿದೆವು, ಬೇರೆ ರೀತಿಯಲ್ಲಿ. ನೈಟ್ರೈಲ್ ಗ್ಲೌಸ್ ತಂದೆವು, ಔಷಧಿ ಅಂಗಡಿಯಲ್ಲಿ ಸಿಗುವ ನೀಲಿಯವು. ಗ್ಲೌಸ್ ಹಾಕುವ ಮೊದಲೇ ನಾದಿನಿ ಲೆನ್ಸ್ ತೆಗೆದಿಟ್ಟಳು. ಪುಡಿ ತುಂಬಲು ಬೆರಳಿನ ಬದಲು ಐಸ್‌ಕ್ರೀಮಿನ ಚಪ್ಪಟೆ ಕಡ್ಡಿ. ತೆಗೆಯುವಾಗ ಗ್ಲೌಸನ್ನು ಮಣಿಕಟ್ಟಿನಿಂದ ಹಿಡಿದು ಒಳಮೈ ಹೊರಗೆ ಬರುವ ಹಾಗೆ ಮಗುಚಿದೆವು. ಬೆರಳ ತುದಿ ಹಿಡಿದು ಎಳೆದರೆ ಗ್ಲೌಸ್ ಹಾಕಿದ್ದೂ ದಂಡ. ಗ್ಲೌಸ್ ಇಲ್ಲದ ದಿನ ಹೆಚ್ಚುವ ಮೊದಲೇ ಕೈಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವ ಹಳೇ ಪದ್ಧತಿ ಸ್ವಲ್ಪ ಮಟ್ಟಿಗೆ ಸರಿಯೇ. ಖಾರ ಮೊದಲು ಆ ಎಣ್ಣೆಗೆ ಹೋಗುತ್ತದೆ, ಬೇಗ ತೊಳೆದರೆ ಅದರ ಜೊತೆಗೇ ಹೋಗುತ್ತದೆ. ನಾಲ್ಕು ಮೆಣಸಿನಕಾಯಿಗೆ ಸಾಕು, ಎರಡು ಕೆಜಿಗೆ ಸಾಲದು. ಮನೆಯಲ್ಲಿ ಕೂಸಿದ್ದರೆ, ಹೆಚ್ಚಿದ ಕೈಯಲ್ಲಿ ಕಾಡಿಗೆ ಹಚ್ಚುವುದು, ಬಟ್ಟೆ ಬದಲಿಸುವುದು ಆ ದಿನ ಬೇರೆಯವರ ಪಾಲಿಗೆ ಬಿಡಿ.

ಇಷ್ಟೆಲ್ಲ ಮಾಡಿದರೂ ಮರುದಿನ ಬೆಳಗ್ಗೆ ನಮ್ಮ ಮನೆಯವರು ಮುಖ ಒರೆಸಿಕೊಂಡು "ಏನೇ ಇದು, ಕಣ್ಣು ಉರೀತಿದೆ" ಅಂದರು. ಅಡುಗೆಮನೆಯ ಕೈ ಒರೆಸುವ ಬಟ್ಟೆ. ಗ್ಲೌಸ್ ಹಾಕಿಕೊಂಡೇ ನಾನು ಅದರಲ್ಲಿ ಚಾಕು ಒರೆಸಿದ್ದೆ. ಅವರ ಕಣ್ಣಿಗೆ ನೀರು ಸುರಿದ ಮೇಲೆ ಹುಡುಕುತ್ತಾ ಹೋದರೆ ನಲ್ಲಿಯ ತಿರುಪು, ಫ್ರಿಜ್ಜಿನ ಹಿಡಿ, ನನ್ನ ಮೊಬೈಲು, ಎಲ್ಲದಕ್ಕೂ ಅದೇ ಕೈ ಮುಟ್ಟಿತ್ತು. ಹೆಚ್ಚುವ ಮಣೆ, ಚಾಕು, ಬಟ್ಟೆಯನ್ನು ಲಿಕ್ವಿಡ್ ಹಾಕಿ ಬಿಸಿನೀರಿನಲ್ಲಿ ತೊಳೆದೆ. ಅವುಗಳಿಗೆ ಬಿಸಿನೀರು ಅಡ್ಡಿಯಿಲ್ಲ, ಅವಕ್ಕೆ ನರ ಇಲ್ಲವಲ್ಲ. ಮೊಬೈಲಿಗೆ ಸ್ಪಿರಿಟ್ ತಾಗಿಸಿದ ಹತ್ತಿಯಲ್ಲಿ ಎರಡು ಸಲ ಒರೆಸಿದೆ, ಎರಡು ಸಲವೂ ಹೊಸ ಹತ್ತಿ.